ಕೈ ಕೆಲಸದಲ್ಲಿದ್ದಾಗ ಕೇಳುವ ಕಥೆ: ಎಳೆ ತಪ್ಪದಂತೆ ಬರೆಯುವುದು ಹೇಗೆ?

ಪ್ರಶ್ನೆ: ದಿನವೂ ದೂರ ಪ್ರಯಾಣ ಮಾಡುವವರಿಗೂ ಹೊಲಿಗೆ ಕೆಲಸದವರಿಗೂ ಎಂದು ಒಂದು ಪತ್ತೇದಾರಿ ಆಡಿಯೊ ಸರಣಿ ಬರೆದಿದ್ದೇನೆ. ಕೇಳಿದವರು ನಡುವೆ ಎಳೆ ತಪ್ಪುತ್ತದೆ ಎನ್ನುತ್ತಾರೆ. ಕಥೆಯನ್ನು ಸರಳಗೊಳಿಸಬೇಕೆ?

ಉತ್ತರ: ಬೇಕಾಗಿಲ್ಲ. ತೊಡಕಿನ ಕಥೆಯನ್ನೂ ಇವರು ಆಸಕ್ತಿಯಿಂದ ಕೇಳುತ್ತಾರೆ. ಆದರೆ ಅರ್ಧ ನಿಮಿಷ ಕಿವಿಗೆ ಬೀಳದೆ ಹೋದರೂ ಕಥೆ ಕೈಬಿಡಬಾರದು. ಕಾಲರ್ ಕೂರಿಸುವಾಗ ಹೊಲಿಯುವವರ ಗಮನವೆಲ್ಲ ಸೂಜಿಯ ಮೇಲಿರುತ್ತದೆ, ಹಿಂದಕ್ಕೆ ಹೋಗಿ ಮತ್ತೆ ಕೇಳಲು ಕೈ ಬಿಡುವಿರುವುದಿಲ್ಲ. ಪ್ರಯಾಣಿಕರದು ಬೇರೆ ತೊಂದರೆ: ಇಳಿಯುವ ಜಾಗ ಬಂದಾಗ ಮಾತಿನ ನಡುವೆಯೇ ನಿಲ್ಲಿಸಿ, ಮರುದಿನ ಅಲ್ಲಿಂದಲೇ ಮುಂದುವರಿಸುತ್ತಾರೆ. ಹೀಗಾಗಿ ಕಂತಿನ ಆರಂಭದಲ್ಲಿ ಹಿಂದಿನ ಕಥೆಯನ್ನು ಉದ್ದಕ್ಕೆ ಹೇಳುವ ರೂಢಿ ಇಬ್ಬರಿಗೂ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ.

ಕಂತನ್ನು ನಾಲ್ಕೈದು ನಿಮಿಷಗಳ ದೃಶ್ಯಗಳಾಗಿ ಒಡೆದು, ಪ್ರತಿ ದೃಶ್ಯದ ಮೊದಲ ಮಾತಿನಲ್ಲೇ ಯಾರು, ಎಲ್ಲಿ ಎಂಬುದು ತಿಳಿಯುವಂತೆ ಬರೆಯಿರಿ. "ಅವನು ಅದನ್ನು ಅಲ್ಲಿಟ್ಟು ಹೊರಟ" ಎಂಬ ವಾಕ್ಯ ಕಾಗದದ ಮೇಲೆ ಚೆನ್ನ, ಕಿವಿಗೆ ಸಾಲದು. "ಶಂಕರ, ಗೋದಾಮಿನ ಬೀಗದ ಕೈಯನ್ನು ಮೇಜಿನ ಮೇಲೇಕೆ ಇಟ್ಟೆ?" ಎಂದು ಒಬ್ಬಳು ಕೇಳಿದರೆ ವ್ಯಕ್ತಿ, ವಸ್ತು, ಜಾಗ ಮೂರೂ ಒಟ್ಟಿಗೆ ಬರುತ್ತವೆ. ಕಥೆ ಆ ಬೀಗದ ಕೈಯ ಮೇಲೆಯೇ ನಿಂತಿದ್ದರೆ ಅದು ಮೂರು ಸಲವಾದರೂ ಬರಲಿ, ಆದರೆ ಒಂದೇ ರೀತಿಯಲ್ಲಿ ಬೇಡ: ಮೊದಲು ಈ ಮಾತಿನಲ್ಲಿ, ಆಮೇಲೆ ಕಾವಲುಗಾರ ಅದನ್ನು ಹುಡುಕುವ ಗಡಿಬಿಡಿಯಲ್ಲಿ, ಕೊನೆಗೆ ಗೋದಾಮಿನ ಬಾಗಿಲು ತೆರೆದು ಬಿದ್ದಿರುವುದರಲ್ಲಿ. ಗಮನವಿಟ್ಟು ಕೇಳುವವರಿಗೆ ಇದು ಪುನರಾವರ್ತನೆ ಎನಿಸದು, ಒಂದನ್ನು ತಪ್ಪಿಸಿಕೊಂಡವರಿಗೆ ಇನ್ನೊಂದು ಸಿಗುತ್ತದೆ.

ಎಳೆ ತಪ್ಪಲು ಧ್ವನಿಮುದ್ರಣವೂ ಕಾರಣವಾಗಿರಬಹುದು. ಎಂಜಿನ್ನಿನ ಗುಂಯ್‌ಗುಡುವಿಕೆ ಪಿಸುಮಾತನ್ನು ನುಂಗಿಬಿಡುತ್ತದೆ. ಅದಕ್ಕೆಂದು ಕೇಳುಗರು ಧ್ವನಿ ಏರಿಸಿದರೆ ಮುಂದಿನ ಕೂಗಾಟ ಕಿವಿಗೆ ಅಪ್ಪಳಿಸುತ್ತದೆ. ಪಿಸುಮಾತಿಗೂ ಕೂಗಿಗೂ ನಡುವಿನ ಅಂತರವನ್ನು ಸಂಕಲನದಲ್ಲಿ ಕಂಪ್ರೆಸರ್ ಬಳಸಿ ತಗ್ಗಿಸಿ. ಒಂದೇ ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳುವವರು ಬಹಳ ಮಂದಿ ಇರುವುದರಿಂದ ಒಂದು ಪಾತ್ರವನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಹಂಚಬೇಡಿ, ಮೋನೊ ಸಾಕು. ವಾಹನದ ಹಾರ್ನ್, ಸೈರನ್ ಸದ್ದನ್ನಂತೂ ಕಥೆಯೊಳಗೆ ತರಲೇಬೇಡಿ, ಏಕೆಂದರೆ ಚಾಲಕರೂ ಕೇಳುತ್ತಿರಬಹುದು.

ಪರೀಕ್ಷಿಸುವಾಗ "ಹೇಗಿತ್ತು?" ಎಂದು ಕೇಳಿದರೆ ಎಲ್ಲರೂ ಚೆನ್ನಾಗಿತ್ತು ಎಂದೇ ಹೇಳುತ್ತಾರೆ. ಯಂತ್ರದ ಮುಂದೆ ಕೆಲಸ ಮಾಡುತ್ತಲೇ ಕೇಳಿದವರನ್ನು "ಬೀಗದ ಕೈ ಈಗ ಯಾರ ಬಳಿ ಇದೆ?" ಎಂದು ಕೇಳಿ. ಹಲವರು ಒಂದೇ ಕಡೆ ತಡವರಿಸಿದರೆ ತಿದ್ದಬೇಕಾದ ದೃಶ್ಯ ಅದೇ. ಒಬ್ಬೊಬ್ಬರು ಒಂದೊಂದು ಕಡೆ ತಡವರಿಸಿದರೆ ಬರವಣಿಗೆಗೆ ಕೈಹಾಕುವ ಮೊದಲು ಧ್ವನಿಯ ಮಟ್ಟವನ್ನು ನೋಡಿ.