ಹೇಳಲಿಲ್ಲ, ಹೇಳಿಲ್ಲ, ಹೇಳುವುದಿಲ್ಲ

"ಎರಡು ತಿಂಗಳ ಹಿಂದೆ ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದೆ. ಮನೆಯವರಿಂದ ಮುಚ್ಚಿಟ್ಟದ್ದನ್ನೂ ಸೇರಿಸಿ ಒಂದು ಪ್ರಬಂಧ ಬರೀತಿದ್ದೀನಿ. ಭೂತಕಾಲದಲ್ಲಿ ಬರೀಲಾ, ವರ್ತಮಾನದಲ್ಲಾ?"

ನಡೆದು ಹೋದದ್ದನ್ನು ಭೂತಕಾಲದಲ್ಲಿ ಬರೆಯಿರಿ. ಇನ್ನೂ ಮುಗಿಯದೆ ಉಳಿದದ್ದಕ್ಕೆ ಮಾತ್ರ ವರ್ತಮಾನ ಇರಲಿ.

ನಮ್ಮದು ದಾವಣಗೆರೆ. ಹೋದ ವರ್ಷ ನಮ್ಮ ಮಂಡಕ್ಕಿ ಭಟ್ಟಿ ಮಾರಿದೆ. ಅದು ನನ್ನ ಹೆಸರಿನಲ್ಲಿತ್ತು, ಆದರೆ ಅಪ್ಪ ಬದುಕು ಸವೆಸಿದ್ದು ಅಲ್ಲೇ. ಅಡ್ವಾನ್ಸ್ ಕೈಗೆ ಬಂದ ದಿನ ಅವರಿಗೆ ಹೇಳಲಿಲ್ಲ. ಮೂರು ವಾರಕ್ಕೇ ಬರೆಯಲು ಕೂತೆ, ಎಲ್ಲಾ ಇನ್ನೂ ಹಸಿಯಾಗಿತ್ತು ನೋಡಿ, ಅದಕ್ಕೇ ವರ್ತಮಾನ ಹಿಡಿದೆ:

"ಅಡ್ವಾನ್ಸ್ ತೆಗೆದುಕೊಳ್ಳುತ್ತೇನೆ. ಮನೆಗೆ ಬರುತ್ತೇನೆ. ಅಪ್ಪನಿಗೆ ಹೇಳುವುದಿಲ್ಲ."

ಓದಿದ ಗೆಳೆಯ, "ಹೇಳಲ್ಲ ಅಂತ ಯಾಕೋ ಅಷ್ಟು ಹಟ?" ಅಂದ. ಆಗ ಹೊಳೆಯಿತು. ಕನ್ನಡದಲ್ಲಿ "ಬರುತ್ತೇನೆ" ಅಂದರೆ ಈಗ ಅಂತಲೂ ಆಗುತ್ತೆ, ನಾಳೆ ಅಂತಲೂ ಆಗುತ್ತೆ, ದಿನಾ ಅಂತಲೂ ಆಗುತ್ತೆ. "ಬರುತ್ತೇನೆ" ಹೇಗೋ ಸಂದರ್ಭದಿಂದ ತಿಳಿಯುತ್ತೆ, ಆದರೆ "ಹೇಳುವುದಿಲ್ಲ" ಬಂದ ಕೂಡಲೇ ಅದು ಮುಂದಿನ ನಿರ್ಧಾರದಂತೆ ಕೇಳಿಸುತ್ತದೆ. ನಾನು ಒಪ್ಪಿಕೊಳ್ಳಬೇಕಿದ್ದ ತಪ್ಪು ಹಟವಾಗಿಬಿಟ್ಟಿತ್ತು.

ತಪ್ಪೊಪ್ಪಿಗೆಯ ಬರಹ ಹೆಚ್ಚಾಗಿ ನಿಂತಿರುವುದೇ ಇಂಥ "ಇಲ್ಲ"ಗಳ ಮೇಲೆ, ಅಲ್ವಾ? "ಹೇಳಲಿಲ್ಲ" ಅಂದರೆ ಆ ದಿನ ಬಾಯಿ ಬಿಡಲಿಲ್ಲ ಅಂತ. "ಹೇಳಿಲ್ಲ" ಅಂದರೆ ಇವತ್ತಿನವರೆಗೂ ಹೇಳಿಲ್ಲ ಅಂತ. ನೀವು ಮನೆಯವರಿಗೆ ಆಮೇಲೆ ಹೇಳಿದ್ದರೆ ಮೊದಲನೆಯದು, ಇನ್ನೂ ಮುಚ್ಚಿಟ್ಟಿದ್ದರೆ ಎರಡನೆಯದು. ಬರಹದಲ್ಲಿರುವ ಪ್ರತಿಯೊಂದು "ಇಲ್ಲ"ಕ್ಕೂ ಅಡಿಗೆರೆ ಹಾಕಿ, ಇದು ಯಾವುದು ಅಂತ ಕೇಳಿಕೊಳ್ಳಿ. ನಾನು ಹಾಗೆ ನೋಡಿದಾಗ ಎರಡು ಕಡೆ ಸುಮ್ನೆ ನುಣುಚಿಕೊಂಡಿದ್ದು ಸಿಕ್ಕಿತು.

ಇನ್ನೊಂದು ಕಾರಣ. "ಅಪ್ಪನಿಗೆ ಆಗಲೇ ಗೊತ್ತಿತ್ತು ಅಂತ ನನಗೆ ಆಮೇಲೆ ತಿಳಿಯಿತು" ಅನ್ನೋ ವಾಕ್ಯ ಭೂತಕಾಲದಲ್ಲಿ ಸಲೀಸಾಗಿ ಬರುತ್ತದೆ. ಎಲ್ಲವನ್ನೂ ಈಗಲೇ ನಡೆಯುತ್ತಿರುವಂತೆ ಬರೆದರೆ ಆಮೇಲೆ ತಿಳಿದದ್ದಕ್ಕೆ ಜಾಗವೇ ಇರುವುದಿಲ್ಲ. ಎರಡು ತಿಂಗಳಾಗಿದ್ದರೂ ಆ ದಿನದ ನಿಮಗೂ ಇವತ್ತಿನ ನಿಮಗೂ ವ್ಯತ್ಯಾಸ ಇದ್ದೇ ಇರುತ್ತದೆ, ಅದನ್ನು ಬಿಟ್ಟುಕೊಡಬೇಡಿ. "ಮಾರಿದೆ" ಮತ್ತು "ಮಾರಿಬಿಟ್ಟೆ" ನಡುವೆ ಆರಿಸುವಾಗಲೂ ನಾನು ತುಂಬಾ ಹೊತ್ತು ಕೂತಿದ್ದೆ. "ಬಿಟ್ಟೆ"ಯಲ್ಲಿ ಪಶ್ಚಾತ್ತಾಪ ತಾನಾಗಿ ಬರುತ್ತದೆ. ಹಾಗಾಗಿ ಇಡೀ ಬರಹದಲ್ಲಿ ಒಂದೇ ಸಲ ಬಳಸಿದೆ.

ವರ್ತಮಾನವನ್ನು ಕೊನೆಯ ಪ್ಯಾರಾಕ್ಕೆ ಇಟ್ಟುಕೊಂಡೆ. ಅಲ್ಲಿ "ದಿನಾ" ಅನ್ನೋ ಅರ್ಥವೇ ನನಗೆ ಬೇಕಿತ್ತು: "ಅಪ್ಪ ಈಗಲೂ ನಸುಕಿನಲ್ಲಿ ಏಳುತ್ತಾರೆ. ಭಟ್ಟಿಯ ಕಡೆ ಹೋಗುತ್ತಾರೆ. ಎಲ್ಲಿಗೆ ಅಂತ ನಾನು ಕೇಳುವುದಿಲ್ಲ."