ಪಕ್ಕದ ಮನಿಯಾಕಿ ಕೇಳಿದ ಮಾತು ಕೋರ್ಟಿನ್ಯಾಗ ನಡೀತೈತೇನು?

ಪ್ರಶ್ನೆ: ಸರ್, ನಾ ಹಾವೇರಿಯಾಂವ, ಧಾರವಾಡದಾಗ ರೂಮ್ ಮಾಡಿ ಸಿವಿಲ್ ಜಡ್ಜ್ ಪರೀಕ್ಷಾಕ್ಕ ಓದಾಕತ್ತೀನಿ. ಮಾಕ್ ಟೆಸ್ಟಿನ್ಯಾಗ ಹಿಂಗ ಬಂದಿತ್ತು: ಮೈ ಸುಟ್ಟಕೊಂಡು ಹೊರಗ ಓಡಿಬಂದ ಹೆಣ್ಮಗಳು ಪಕ್ಕದ ಮನಿಯಾಕಿಗೆ "ಗಂಡ ಎಣ್ಣಿ ಸುರುವಿ ಕಡ್ಡಿ ಗೀರಿದ, ದವಾಖಾನಿಗೆ ಒಯ್ರಿ, ಆರಾಮ ಆಕ್ಕೀನಿ" ಅಂತಾಳ. 12 ದಿನಕ್ಕ ಅದ ಗಾಯ ನಂಜಾಗಿ ಸಾಯ್ತಾಳ. ಪಕ್ಕದ ಮನಿಯಾಕಿ ಸಾಕ್ಷಿ ನಡೀತೈತೇನು? ಎ) ಕಣ್ಣಾರೆ ನೋಡಿಲ್ಲ, ಇನ್ನೊಬ್ಬರ ಬಾಯಿಂದ ಕೇಳಿದ್ದು ಅಂದ್ರ ಹಿಯರ್‌ಸೇ, ನಡಿಯಂಗಿಲ್ಲ. ಬಿ) ಸಾಯತೀನಿ ಅನ್ನೂ ಭಯ ಇರಲಿಲ್ಲ, ನಡಿಯಂಗಿಲ್ಲ. ಸಿ) ಮ್ಯಾಜಿಸ್ಟ್ರೇಟ್ ಬರಕೊಂಡಿಲ್ಲ, ಡಾಕ್ಟರ್ ಸರ್ಟಿಫಿಕೇಟ್ ಇಲ್ಲ, ನಡಿಯಂಗಿಲ್ಲ. ಡಿ) ಕಲಂ 26ರ ಪ್ರಕಾರ ನಡೀತೈತಿ. ಕೀ ಒಳಗ ಡಿ ಐತಿ, ಕ್ಲಾಸಿನ ಸರ್ ಬಿ ಅಂತಾರ.

ಉತ್ತರ: ಕೀ ಸರಿ ಐತಿ, ನಿಮ್ಮ ಸರ್‌ದು ತಪ್ಪು. ಈ ಬಿ ಉತ್ತರ ಎಷ್ಟು ವರ್ಷದಿಂದ ಕೇಳಾಕತ್ತೀನಿ ಅಂದ್ರ ಈಗ ಸಿಟ್ಟೂ ಬರವಲ್ದು. ಅದು ಇಂಗ್ಲೆಂಡಿನ ಕಾಯ್ದೆ. ಅಲ್ಲಿ ಬದುಕೂ ಆಸೆ ಬಿಟ್ಟಾಂವ ಹೇಳಿದ ಮಾತಿಗಷ್ಟ ಬೆಲೆ ಅಂತಿದ್ರು, ಸಾಯೂ ಹೊತ್ತಿನ್ಯಾಗ ಮನುಷ್ಯಾ ಸುಳ್ಳು ಹೇಳಂಗಿಲ್ಲ ಅಂತ. ನಮ್ಮ ಸಾಕ್ಷ್ಯ ಕಾಯ್ದೆ 1872ರಾಗ ಅದನ್ನ ಬಿಟ್ಟೈತಿ, ಹೇಳೂಮುಂದ ಸಾಯೂ ನಿರೀಕ್ಷೆ ಇರಲಿ ಬಿಡಲಿ ನಡೀತೈತಿ ಅಂತ ಕಲಂ 32ರಾಗ ಬಾಯಿಬಿಟ್ಟು ಬರದೈತಿ, 2023ರ ಭಾರತೀಯ ಸಾಕ್ಷ್ಯ ಅಧಿನಿಯಮದಾಗ ಅದ ಮಾತು ಕಲಂ 26(ಎ) ಆಗೈತಿ. ಸೆಕ್ಷನ್ ಓದದ ನೋಟ್ಸ್ ಮಾರಿದ್ರ ಹಿಂಗ ಆಕ್ಕೈತಿ.

ಎ ಯಾಕ ಬೀಳ್ತೈತಿ ಅನ್ನೂದು ಖರೇ ವಿಷಯ, ಯಾಕಂದ್ರ ಅದರಾಗ ಅರ್ಧ ಖರೇ ಐತಿ. ಪಕ್ಕದ ಮನಿಯಾಕಿ ಬೆಂಕಿ ಹಚ್ಚೂದನ್ನ ನೋಡಿಲ್ಲ, ಗಂಡ ಹಚ್ಚಿದ ಅಂತ ಆಕೀ ಬಾಯಿಂದ ರುಜುವಾತು ಮಾಡೂದು ಅಂದ್ರ ಅದು ಹಿಯರ್‌ಸೇನ, ನಿಜವಾಗಿ ನೋಡಿದಾಕಿ ಸತ್ತಾಳ, ಪಾಟೀಸವಾಲು ಯಾರಿಗೆ ಹಾಕ್ತೀರಿ? ಅದಕ್ಕ ಕಾಯ್ದೆ ಬಾಗಲಾ ಹಾಕೈತಿ. ಆದ್ರ ಸತ್ತಾಕಿನ್ನ ಕರಸಾಕ ಬರಂಗಿಲ್ಲ, ಆಕೀ ಮಾತು ಪೂರಾ ಕಳಕೊಂಡ್ರ ಕೊಂದಾಂವಗ ಲಾಭ ಅಂತ ಆಕೀ ಸಾವಿನ ಕಾರಣದ ಮಾತಿಗಷ್ಟ ಕಲಂ 26 ಆ ಬಾಗಲಾ ತಗೀತೈತಿ. ಉಳಿದದ್ದು, ಆಕಿ ಹಿಂಗ ಅಂದದ್ದು ಖರೇ ಏನು ಅನ್ನೂದು. ಅದಕ್ಕ ಕಿವಿಯಿಂದ ಕೇಳಿದಾಕಿನ ಬರಬೇಕು, ಕಲಂ 55 ಅದನ್ನ ಕೇಳ್ತೈತಿ, ಪಕ್ಕದ ಮನಿಯಾಕಿ ಕೇಳ್ಯಾಳ. ಅದ ಪಕ್ಕದ ಮನಿಯಾಕಿ ಸಂಜಿಮುಂದ ತನ್ನ ತಂಗಿಗೆ ಹೇಳಿ, ಕೋರ್ಟಿಗೆ ತಂಗಿ ಬಂದ್ಲು ಅಂದ್ರ ಮುಗೀತು, ತಂಗಿ ಸಾಕ್ಷಿ ನಡಿಯಂಗಿಲ್ಲ.

ಸಿ ಬೀಳೂದು ಬ್ಯಾರೆ ಕಾರಣಕ್ಕ. ಯಾರ ಮುಂದ ಹೇಳಬೇಕು, ಹೆಂಗ ಬರೀಬೇಕು ಅಂತ ಕಲಂ 26 ಏನೂ ಹೇಳಂಗಿಲ್ಲ, ಬಾಯಿಮಾತೂ ನಡೀತೈತಿ. ಡಾಕ್ಟರ್ ಸರ್ಟಿಫಿಕೇಟ್ ಎಚ್ಚರಿಕೆ ಅಷ್ಟ, ಅದಿಲ್ಲದ ನಡಿಯಂಗೇ ಇಲ್ಲ ಅನ್ನೂದನ್ನ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2002ರಾಗ ಲಕ್ಷ್ಮಣ್ ಕೇಸಿನ್ಯಾಗ ತಳ್ಳಿಹಾಕೈತಿ. ಆದ್ರ ನಡೀತೈತಿ ಅನ್ನೂದು ಬ್ಯಾರೆ, ನಂಬಬೇಕು ಅನ್ನೂದು ಬ್ಯಾರೆ. ಬಾಯಿಮಾತಿನ ಹೇಳಿಕೆ ಆದ್ರ ನಾನಂತೂ ಮೊದಲು ಮೂರು ನೋಡ್ತೀನಿ, ಆಕೀಗೆ ಮಾತಾಡೂ ಎಚ್ಚರ ಇತ್ತೇನು, ತವರುಮನಿಯವರು ಬಂದು ಹೇಳಿಕೊಟ್ಟಾರೇನು, ದವಾಖಾನ್ಯಾಗ "ಸ್ಟೋ ಸಿಡೀತು" ಅಂತ ಬ್ಯಾರೆ ಹೇಳಿಕೆ ಕೊಟ್ಟಾಳೇನು. ಈ ಮೂರನೇದ್ದು ಇದ್ರ ಕೇಸು ಅಳ್ಳಾಡತೈತಿ.

ಈಗ ಒಂದ ಸಂಗತಿ ಬದಲಿ ಮಾಡ್ರಿ, ಪರೀಕ್ಷಾದಾಗ ಹಂಗ ತಿರುವಿ ಕೇಳ್ತಾರ: ಆಕಿ ಬದುಕಿದ್ಲು. ಕಲಂ 26(ಎ) ಹೋತು, ಮ್ಯಾಜಿಸ್ಟ್ರೇಟ್ ಬರಕೊಂಡಿದ್ರೂ ಹೋತು. ಆಂಧ್ರದ ಬಸ್ ಸುಟ್ಟ ಕೇಸಿನ್ಯಾಗ, 1996ರ ತೀರ್ಪು, ಹಿಂಗ ಆತು, ಗಾಯ ಆಗಿ ಬದುಕಿದವರ ಹೇಳಿಕೆ ಮರಣಪೂರ್ವ ಹೇಳಿಕೆ ಅಲ್ಲ, ಅವರ ಸಾಕ್ಷಿಗೆ ಬೆಂಬಲ ಕೊಡಾಕ ಇಲ್ಲಾ ವಿರೋಧ ತೋರಿಸಾಕ ಅಷ್ಟ ಅಂತ ಕೋರ್ಟ್ ಹೇಳ್ತು. ಘಟನಾದ ಜೋಡೀನ ಅದರ ಭಾಗ ಆಗಿ ಆಡಿದ ಮಾತು ನಡೀತೈತಿ ಅನ್ನೂ ಆಗಿನ ಕಲಂ 6, ಈಗಿನ ಕಲಂ 4, ಅದಕ್ಕೂ ಬರಂಗಿಲ್ಲ ಅಂತು, ಘಟನಾಕ್ಕೂ ಮಾತಿಗೂ ನಡುವ ಅಂತರ ಬಿದ್ದಿತ್ತು. ನಿಮ್ಮ ಪ್ರಶ್ನೇದಾಗ ಆಕಿ ಉರಿಯೂ ಮೈಲೇನ ಓಡಿಬಂದು ಹೇಳ್ಯಾಳ, ಹಂಗಾಗಿ ಬದುಕಿದ್ರೂ ಕಲಂ 4ರಾಗ ವಾದ ಮಾಡಾಕ ಜಾಗ ಐತಿ. ಮರುದಿನ ಹೇಳಿದ್ರ ಇಲ್ಲ.

ಪ್ರಶ್ನೆ: ಎಫ್‌ಐಆರ್ ಕೊಟ್ಟಾಂವ ಆಮ್ಯಾಲ ಸತ್ರ ಅದು ಮರಣಪೂರ್ವ ಹೇಳಿಕೆ ಆಗತೈತೇನ್ರಿ?

ಉತ್ತರ: ಅದರಾಗ ಹೇಳಿದ ಗಾಯದಿಂದ ಸತ್ರ ಆಕ್ಕೈತಿ, ಆರು ತಿಂಗಳ ಬಿಟ್ಟು ಹಾರ್ಟ್ ಅಟ್ಯಾಕ್ ಆಗಿ ಸತ್ರ ಇಲ್ಲ.

ಪ್ರಶ್ನೆ: ಅಂವಾ ಕಳ್ಳ ಅಂತ ಊರಿಗೇ ಗೊತ್ತೈತಿ, ಹತ್ತು ಮಂದಿ ಬಂದು ಹೇಳಿದ್ರ ಸಾಕಲ್ಲ?

ಉತ್ತರ: ನೋಡದವರು ಹತ್ತು ಮಂದಿ ಬಂದ್ರೂ ಅಷ್ಟ, ನೂರು ಮಂದಿ ಬಂದ್ರೂ ಅಷ್ಟ. ಕಟ್ಟಿ ಮ್ಯಾಲ ಕುಂತು ಇಂಥಾ ಸಲಹೆ ಕೊಡೂ ಪುಢಾರಿಗಳನ್ನ ಬಿಟ್ಟು ವಕೀಲರ ಕಡೆ ಹೋಗ್ರಿ.