ನೇಮಕಾತಿ ಅಧಿಕಾರಿಗೆ ಬರೆದ ಉದ್ದದ ಇಮೇಲನ್ನು ಮೊಟಕುಗೊಳಿಸುವುದು

ಪ್ರಶ್ನೆ: ತೀರ್ಥಹಳ್ಳಿಯಲ್ಲಿದ್ದೇನೆ. ಬೆಂಗಳೂರಿನ ಸಂದರ್ಶನವನ್ನು ವಿಡಿಯೋದಲ್ಲಿ ನಡೆಸಿ ಎಂದು ಕೇಳಲು ಬರೆದ ಇಮೇಲ್ ಒಂದು ಪುಟ ದಾಟಿದೆ. ಹೇಗೆ ಚಿಕ್ಕದು ಮಾಡಲಿ?

ಉತ್ತರ: ಮೊದಲು ನಿಮ್ಮ ಕೋರಿಕೆಯ ವಾಕ್ಯವನ್ನು ಹುಡುಕಿ. ಸಂಕೋಚದಿಂದ ಬರೆದ ಪತ್ರಗಳಲ್ಲಿ ಅದು ಹೆಚ್ಚಾಗಿ ಕೊನೆಯ ಪ್ಯಾರಾದಲ್ಲಿರುತ್ತದೆ. ಅದನ್ನು ಎತ್ತಿ ಮೊದಲ ಸಾಲಾಗಿಸಿ. ಉಳಿದ ಪ್ರತಿ ವಾಕ್ಯಕ್ಕೂ ಒಂದೇ ಪರೀಕ್ಷೆ: ಇದಿಲ್ಲದೆ ಅವರು ಹೌದು ಅಥವಾ ಇಲ್ಲ ಎನ್ನಬಲ್ಲರೇ? ಹೇಳಬಲ್ಲರಾದರೆ ತೆಗೆಯಿರಿ. ವಿದ್ಯಾಭ್ಯಾಸದ ವಿವರ ರೆಸ್ಯೂಮೆಯಲ್ಲಿದೆ; ಕ್ಷಮೆ ಮೂರು ಸಲ ಬೇಡ; ಕಾರಣ ಒಂದೇ ಸಾಕು.

ಕತ್ತರಿ ಹಾಕುವ ಭರದಲ್ಲಿ ಹುದ್ದೆಯ ಹೆಸರು, ದಿನಾಂಕ ಮತ್ತು ಪರ್ಯಾಯ ದಿನ ಹೋಗದಂತೆ ನೋಡಿಕೊಳ್ಳಿ. ಪರ್ಯಾಯವಿಲ್ಲದಿದ್ದರೆ ‘ಹಾಗಾದರೆ ಯಾವಾಗ ಬರುತ್ತೀರಿ?’ ಎಂಬ ಮರುಪತ್ರ ಖಚಿತ. ಹೀಗೆ ಬರೆಯಬಹುದು:

‘ನಮಸ್ಕಾರ ಮೇಡಂ, ಲೆಕ್ಕ ಸಹಾಯಕ ಹುದ್ದೆಗೆ ಜುಲೈ 14ರ ಬೆಳಿಗ್ಗೆ 10 ಗಂಟೆಗೆ ನಿಗದಿಯಾಗಿರುವ ನನ್ನ ಸಂದರ್ಶನವನ್ನು ವಿಡಿಯೋ ಮೂಲಕ ನಡೆಸಲು ಸಾಧ್ಯವೇ? ಆ ವಾರ ತಂದೆಯವರ ಶಸ್ತ್ರಚಿಕಿತ್ಸೆ ಇರುವುದರಿಂದ ಬೆಂಗಳೂರಿಗೆ ಬರಲಾಗುತ್ತಿಲ್ಲ. ಶಿವಮೊಗ್ಗದ ಅಕ್ಕನ ಮನೆಯಿಂದ ಮಾತನಾಡುತ್ತೇನೆ. ಅಲ್ಲಿ ಬ್ರಾಡ್‌ಬ್ಯಾಂಡ್ ಮತ್ತು ಯುಪಿಎಸ್ ಇದೆ. ವಿಡಿಯೋ ಆಗದಿದ್ದರೆ 21 ಅಥವಾ 22ರಂದು ಖುದ್ದಾಗಿ ಬರುತ್ತೇನೆ.’

ಕೆಳಗೆ ಹೆಸರು, ಮೊಬೈಲ್ ಸಂಖ್ಯೆ. ಅಕ್ಕನ ಮನೆಯ ಸಾಲು ಹೆಚ್ಚುವರಿ ಎನಿಸಬಹುದು, ಆದರೆ ಉಳಿಸಿ. ಮಳೆಗಾಲದ ಮಲೆನಾಡಿನಲ್ಲಿ ಕರೆಂಟು ಕೈಕೊಡುತ್ತದೆ ಎಂಬ ಅನುಮಾನ ಅವರಿಗಿದ್ದರೆ ಒಪ್ಪಿಗೆ ಅಲ್ಲೇ ನಿಲ್ಲುತ್ತದೆ. ವಿಷಯದ ಸಾಲಿನಲ್ಲಿ ‘ಒಂದು ವಿನಂತಿ’ ಎನ್ನದೆ ‘ಜುಲೈ 14ರ ಸಂದರ್ಶನ: ವಿಡಿಯೋ ಮೂಲಕ ಸಾಧ್ಯವೇ?’ ಎಂದೇ ಬರೆಯಿರಿ.